ಮೂರು ಸಲ ಗ್ಯಾಸ್ ತುಂಬಿದರೂ ತಂಪಾಗದ ಬಿ.ಎಂ.ಸಿ.: ದುರಸ್ತಿ ಚೀಟಿಯನ್ನು ಓದುವುದು ಹೇಗೆ?



ಸಂಘದ ಬಿ.ಎಂ.ಸಿ. ಕೆಟ್ಟಾಗ ಕಂಪನಿಯ ಎಂಜಿನಿಯರ್ ಬರುತ್ತಾರೆ, ಬಿಚ್ಚಿ ನೋಡುತ್ತಾರೆ, ಸರಿಮಾಡುತ್ತಾರೆ. ಹೋಗುವಾಗ ಒಂದು ಚೀಟಿಗೆ ಕಾರ್ಯದರ್ಶಿಯವರ ಸಹಿ, ಸಂಘದ ಮೊಹರು ಹಾಕಿಸಿಕೊಳ್ಳುತ್ತಾರೆ. ಈಚೆಗೆ ಕೆಲವು ಕಡೆ ಚೀಟಿಯ ಬದಲು ಮೊಬೈಲಿಗೆ ಬಂದ ಓ.ಟಿ.ಪಿ. ಕೇಳುತ್ತಾರೆ. ಹಾಲು ಕೆಡದೆ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ನಾವು ಆ ಚೀಟಿಯನ್ನು ಓದುವುದಿಲ್ಲ. ಆದರೆ ಮುಂದೆ ಬರುವ ಬಿಲ್ಲು ಹುಟ್ಟುವುದು ಆ ಚೀಟಿಯಿಂದಲೇ. ಬಿಲ್ಲಿನ ಹಣ ಸಂಘದ ಲಾಭದಿಂದ ಹೋಗುತ್ತದೆ. ಲಾಭ ಕಡಿಮೆಯಾದರೆ ವರ್ಷದ ಕೊನೆಗೆ ನಮ್ಮ ಕೈಗೆ ಬರುವ ಬೋನಸ್ಸೂ ಕಡಿಮೆಯಾಗುತ್ತದೆ.

ಚೀಟಿ ಹೋಗುವುದು ಎಲ್ಲಿಗೆ?

ಯಂತ್ರದ ಕಂಪನಿಗಳು ಈಗ ತಮ್ಮ ಲೆಕ್ಕವನ್ನು ಇ.ಆರ್.ಪಿ. ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಇಡುತ್ತವೆ. ಗೋದಾಮಿನ ಸಾಮಾನು, ವಾರ್ಷಿಕ ನಿರ್ವಹಣಾ ಒಪ್ಪಂದ, ಎಂಜಿನಿಯರ್ ಭೇಟಿ, ಬಿಲ್ಲು ಎಲ್ಲವೂ ಅಲ್ಲಿ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ನಮ್ಮ ರಾಸಿನ ಕಿವಿಯೋಲೆಗೆ ಒಂದು ಸಂಖ್ಯೆ ಇದ್ದಂತೆ, ಪ್ರತಿ ಬಿ.ಎಂ.ಸಿ.ಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಅದು ಯಂತ್ರಕ್ಕೆ ಹಚ್ಚಿದ ಲೋಹದ ಪಟ್ಟಿಯ ಮೇಲೆ ಇದೆ. ಆ ಸಂಖ್ಯೆ ಹೇಳಿದರೆ ಆ ಯಂತ್ರ ಎಂದು ಕೆಟ್ಟಿತು, ಯಾರು ಬಂದರು, ಯಾವ ಬಿಡಿಭಾಗ ಹಾಕಿದರು ಎಂಬುದೆಲ್ಲ ಕಾಣಬೇಕು.

ನಾವು ದೂರು ಕೊಟ್ಟಾಗ ಅಲ್ಲಿ ಒಂದು ಟಿಕೆಟ್ ತೆರೆಯುತ್ತದೆ. ಅದಕ್ಕೊಂದು ಸಂಖ್ಯೆ, ದಿನಾಂಕ, ಗಂಟೆ ಬೀಳುತ್ತದೆ. ಎಂಜಿನಿಯರ್ ಕೆಲಸ ಮುಗಿಸಿ ಸಹಿ ಪಡೆದರೆ ಟಿಕೆಟ್ ಮುಚ್ಚುತ್ತದೆ. ಟಿಕೆಟ್ ಮುಚ್ಚಿತೆಂದರೆ ಕಂಪನಿಯ ಲೆಕ್ಕದಲ್ಲಿ ರೋಗ ವಾಸಿಯಾಯಿತು ಎಂದರ್ಥ. ನಿಜವಾಗಿ ವಾಸಿಯಾಯಿತೋ ಇಲ್ಲವೋ ಎಂಬುದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅದು ಹಾಲು ಹಾಕುವ ನಮಗೆ ಗೊತ್ತು.

ಒಂದು ಉದಾಹರಣೆ

ಹುಲಿಗಿ ಸುತ್ತಲಿನ ಯಾವ ಸಂಘದಲ್ಲಾದರೂ ನಡೆಯಬಹುದಾದ ಒಂದು ಸಂಗತಿಯನ್ನು ಲೆಕ್ಕ ಹಾಕಿ ನೋಡೋಣ. ಸಂಘದಲ್ಲಿ 80 ಸದಸ್ಯೆಯರು, 1,000 ಲೀಟರಿನ ಒಂದು ಬಿ.ಎಂ.ಸಿ. ಇದೆ ಎಂದುಕೊಳ್ಳಿ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ವಾರ್ಷಿಕ ಒಪ್ಪಂದ ಆಗಿದೆ.

ಏಪ್ರಿಲ್ 18ರ ಸಂಜೆ ಹಾಲು ಬೇಗ ತಂಪಾಗಲಿಲ್ಲ. ಸಾಮಾನ್ಯವಾಗಿ ಎರಡು ಹೊತ್ತಿನ ಹಾಲಿಗೆಂದು ಮಾಡಿದ ಟ್ಯಾಂಕು ಅರ್ಧ ತುಂಬಿದಾಗ ಸುಮಾರು ಮೂರು ಗಂಟೆಯಲ್ಲಿ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಬೇಕು. ಅಂದು ಮೂರು ಗಂಟೆಯಾದರೂ 12ಕ್ಕಿಂತ ಕೆಳಗೆ ಇಳಿಯಲಿಲ್ಲ. ಕಂಪ್ರೆಸರ್ ನಿಲ್ಲದೆ ಓಡುತ್ತಲೇ ಇತ್ತು. ಮರುದಿನ ಎಂಜಿನಿಯರ್ ಬಂದು, ಗ್ಯಾಸ್ ಕಡಿಮೆಯಾಗಿದೆ ಎಂದು ಎರಡು ಕಿಲೋ ತುಂಬಿದರು. ಯಂತ್ರ ತಂಪು ಹಿಡಿಯಿತು. ಸಹಿ ಆಯಿತು, ಟಿಕೆಟ್ ಮುಚ್ಚಿತು.

ಜೂನ್ 6ಕ್ಕೆ ಮತ್ತೆ ಅದೇ ಕಥೆ. ಈ ಸಲ ಬೇರೆ ಎಂಜಿನಿಯರ್ ಬಂದರು. ಮತ್ತೆ ಎರಡು ಕಿಲೋ ಗ್ಯಾಸ್, ಮತ್ತೆ ಸಹಿ. ಆಗಸ್ಟ್ 9ಕ್ಕೆ ಮೂರನೆಯ ಸಲ. ಬಿಲ್ಲು ಆಡಳಿತ ಮಂಡಳಿಯ ಮುಂದೆ ಬಂದಾಗ ನಿರ್ದೇಶಕಿಯೊಬ್ಬರು ಕೇಳಿದರು: "ಅಲ್ರೀ, ಹೋದ ಸಲ ಹಾಕಿದ ಗ್ಯಾಸ್ ಎಲ್ಲಿಗೆ ಹೋತು?"

ಇಡೀ ವಿಷಯದ ತಿರುಳು ಇರುವುದು ಈ ಪ್ರಶ್ನೆಯಲ್ಲಿ. ಬಿ.ಎಂ.ಸಿ.ಯ ಗ್ಯಾಸ್ ನಮ್ಮ ಒಲೆಯ ಗ್ಯಾಸಿನಂತೆ ಉರಿದು ಖಾಲಿಯಾಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಾ ಹಾಲಿನ ಬಿಸಿಯನ್ನು ಹೊತ್ತು ಹೊರಗೆ ಬಿಡುತ್ತದೆ, ಮತ್ತೆ ಒಳಗೆ ಬರುತ್ತದೆ. ಕೊಳವೆ ಗಟ್ಟಿಯಿದ್ದರೆ ವರ್ಷಗಟ್ಟಲೆ ಅದೇ ಗ್ಯಾಸ್ ಸಾಕು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಕಂಪ್ರೆಸರಿನ ಅದುರಿಗೆ ನಟ್ಟು ಸಡಿಲಾಗಿರಬಹುದು, ಬೆಸುಗೆ ಬಿಟ್ಟಿರಬಹುದು, ಕೊಳವೆ ಒಂದಕ್ಕೊಂದು ಉಜ್ಜಿ ತೂತಾಗಿರಬಹುದು. ಸೋರುವ ಕಡೆ ಅನೇಕ ಸಲ ಎಣ್ಣೆಯ ಜಿಡ್ಡು ಕಾಣುತ್ತದೆ, ಅದರ ಮೇಲೆ ಧೂಳು ಕಪ್ಪಗೆ ಮೆತ್ತಿರುತ್ತದೆ.

ಸರಿಯಾದ ಕ್ರಮ ಹೀಗಿದೆ: ಮೊದಲು ಕೊಳವೆಯೊಳಗೆ ನೈಟ್ರೋಜನ್ ಒತ್ತಡ ಕೊಟ್ಟು, ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕಬೇಕು. ಆ ಜಾಗವನ್ನು ಬೆಸೆದು ಅಥವಾ ಬಿಗಿ ಮಾಡಿ, ಒಳಗಿನ ಗಾಳಿಯನ್ನು ಪಂಪಿನಿಂದ ಪೂರ್ತಿ ಎಳೆದು, ಕೊನೆಗೆ ಗ್ಯಾಸನ್ನು ತೂಕ ಮಾಡಿ ತುಂಬಬೇಕು. ಇದಕ್ಕೆ ಅರ್ಧ ದಿನ ಹಿಡಿಯಬಹುದು. ಬರೀ ಗ್ಯಾಸ್ ತುಂಬುವುದು ಬೇಗ ಮುಗಿಯುತ್ತದೆ. ತೂತಾದ ಕೊಡಕ್ಕೆ ನೀರು ತುಂಬಿದಂತೆ.

ಲೆಕ್ಕ ಏಕೆ ಎಚ್ಚರಿಸಲಿಲ್ಲ?

ಕಂಪನಿಯ ಕಂಪ್ಯೂಟರಿನಲ್ಲಿ ಮೂರು ಟಿಕೆಟ್ ಇವೆ. ಮೂರೂ ಒಂದೇ ದಿನದಲ್ಲಿ ಮುಚ್ಚಿವೆ. ನೋಡಿದವರಿಗೆ "ಮೂರು ದೂರು, ಮೂರೂ ಬೇಗ ಪರಿಹಾರ" ಎಂದು ಕಾಣುತ್ತದೆ. ನಿಜದಲ್ಲಿ ಇದ್ದದ್ದು ಒಂದೇ ದೂರು, ಅದು ಪರಿಹಾರವೇ ಆಗಿಲ್ಲ. ಎರಡನೆಯ ಸಲ ಫೋನ್ ಮಾಡಿದಾಗ "ಹೊಸ ದೂರು ಬರೆದುಕೊಳ್ಳಿ" ಎನ್ನುವ ಬದಲು "ಏಪ್ರಿಲ್ 18ರ ಟಿಕೆಟ್ಟಿನ ದೂರೇ ಮತ್ತೆ ಬಂದಿದೆ, ಹಳೆಯ ಸಂಖ್ಯೆ ಇದು" ಎಂದು ಹೇಳಿದ್ದರೆ, ಅದು ಮರುಕಳಿಸಿದ ದೂರು ಎಂದು ದಾಖಲಾಗುತ್ತಿತ್ತು. ಹಾಗೆ ದಾಖಲಾದ ದೂರು ಹಿರಿಯ ಎಂಜಿನಿಯರ್ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ಇನ್ನೊಂದು ಕಾರಣ ಒಪ್ಪಂದದಲ್ಲಿದೆ. ವಾರ್ಷಿಕ ಒಪ್ಪಂದದಲ್ಲಿ ಎರಡು ಬಗೆ. ಸಮಗ್ರ ಒಪ್ಪಂದದಲ್ಲಿ ಬಿಡಿಭಾಗದ ಖರ್ಚೂ ಕಂಪನಿಯದೇ, ಆದರೆ ವರ್ಷದ ಶುಲ್ಕ ಹೆಚ್ಚು. ಸಾದಾ ಒಪ್ಪಂದದಲ್ಲಿ ಎಂಜಿನಿಯರ್ ಭೇಟಿ ಮತ್ತು ಕೂಲಿ ಮಾತ್ರ ಸೇರಿರುತ್ತದೆ, ಬಿಡಿಭಾಗಕ್ಕೂ ಗ್ಯಾಸಿಗೂ ಬೇರೆ ಬಿಲ್ಲು. ನಮ್ಮ ಉದಾಹರಣೆಯ ಸಂಘದ್ದು ಸಾದಾ ಒಪ್ಪಂದ. ಆದ್ದರಿಂದ ಸೋರಿಕೆ ಇರುವಷ್ಟು ದಿನವೂ ಗ್ಯಾಸಿನ ಖರ್ಚು ಸಂಘದ ಮೇಲೆ. ಸಲಕ್ಕೆ ₹4,000 ಎಂದು ಹಿಡಿದರೂ ಮೂರು ಸಲಕ್ಕೆ ₹12,000 ಆಯಿತು. 80 ಸದಸ್ಯೆಯರಿಗೆ ಹಂಚಿದರೆ ಸರಾಸರಿ ತಲಾ ₹150. ತಂಪಾಗದೆ ಹಾಲು ಹುಳಿಯಾದ ದಿನದ ನಷ್ಟ ಇದರಲ್ಲಿ ಸೇರಿಲ್ಲ.

ಸಮಗ್ರ ಒಪ್ಪಂದವಿದ್ದರೂ ಎಲ್ಲವೂ ಸೇರಿರುತ್ತದೆ ಎಂದು ನಂಬಬಾರದು. ವೋಲ್ಟೇಜ್ ಏರಿಳಿತದಿಂದ ಸುಟ್ಟ ಭಾಗ, ಇಲಿ ಕಡಿದ ವೈರು, ಕೆಲವೊಮ್ಮೆ ಗ್ಯಾಸನ್ನೂ ಹೊರಗಿಡುತ್ತಾರೆ. ಸಹಿ ಮಾಡುವ ಮೊದಲು "ಸೇರಿಲ್ಲದ ಬಾಬುಗಳು" ಎಂಬ ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಬೇಕು.

ಎಂಜಿನಿಯರ್ ಚೀಲವೂ ಒಂದು ಗೋದಾಮು

ಬಿಡಿಭಾಗದ ಲೆಕ್ಕದಲ್ಲಿ ತಪ್ಪು ಹೇಗೆ ನುಸುಳುತ್ತದೆ ಎಂಬುದನ್ನೂ ತಿಳಿದಿರಬೇಕು. ಎಂಜಿನಿಯರ್ ಚೀಲದಲ್ಲಿ ಕೆಪಾಸಿಟರ್, ಫ್ಯಾನ್ ಮೋಟಾರ್, ತಾಪಮಾನದ ಸೆನ್ಸರ್ ಮುಂತಾದವು ಇರುತ್ತವೆ. ಇ.ಆರ್.ಪಿ.ಯಲ್ಲಿ ಆ ಚೀಲವೂ ಒಂದು ಸಣ್ಣ ಗೋದಾಮು ಇದ್ದಂತೆ. ಚೀಲದಿಂದ ಹೋದ ಪ್ರತಿ ಭಾಗವನ್ನೂ ಯಾವುದೋ ಒಂದು ಯಂತ್ರದ ಹೆಸರಿಗೆ ಬರೆದರೆ ಮಾತ್ರ ಅವರ ಲೆಕ್ಕ ಸರಿಹೊಂದುತ್ತದೆ. ಒಂದೇ ದಿನ ಮೂರು ಊರು ಸುತ್ತಿ ರಾತ್ರಿ ಕುಳಿತು ಲೆಕ್ಕ ಬರೆಯುವಾಗ, ಬೇರೆ ಊರಿನಲ್ಲಿ ಹಾಕಿದ ಮೋಟಾರು ನಮ್ಮ ಯಂತ್ರದ ಹೆಸರಿಗೆ ಬೀಳಬಹುದು. ಮೋಸವೇ ಆಗಬೇಕೆಂದಿಲ್ಲ, ಮರೆವೂ ಇರಬಹುದು. ಬಿಲ್ಲು ಮಾತ್ರ ನಮಗೇ ಬರುತ್ತದೆ.

ಇದಕ್ಕೆ ಸುಲಭವಾದ ಪರಿಹಾರ, ತೆಗೆದ ಹಳೆಯ ಭಾಗವನ್ನು ಕಣ್ಣಿಂದ ನೋಡುವುದು. ಚೀಟಿಯಲ್ಲಿ ಮೂರು ಭಾಗ ಬರೆದಿದ್ದರೆ ಮೂರು ಹಳೆಯ ಭಾಗಗಳು ಮೇಜಿನ ಮೇಲಿರಬೇಕು. ಸಮಗ್ರ ಒಪ್ಪಂದದಲ್ಲಿ ಹಳೆಯ ಭಾಗವನ್ನು ಕಂಪನಿ ಒಯ್ಯಬಹುದು, ಆಗ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಸಾಕು. ಗ್ಯಾಸಿಗೆ ಹಳೆಯ ಭಾಗ ಇರುವುದಿಲ್ಲ. ಅದಕ್ಕೆ ಸಿಲಿಂಡರನ್ನು ತುಂಬುವ ಮೊದಲು ಒಮ್ಮೆ, ತುಂಬಿದ ಮೇಲೆ ಒಮ್ಮೆ ನಮ್ಮ ತೂಕದ ಯಂತ್ರದ ಮೇಲೆ ಇಡಿಸಿ. ವ್ಯತ್ಯಾಸವೇ ನಾವು ಕೊಂಡ ಗ್ಯಾಸ್.

ಸಂಘದಲ್ಲಿ ಒಂದು ನೋಟ್‌ಬುಕ್

ಬಿ.ಎಂ.ಸಿ. ಪಕ್ಕದಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಕಟ್ಟಿ ತೂಗುಹಾಕಿ. ಯಂತ್ರ ಕೆಟ್ಟಾಗ ಹೀಗೆ ಬರೆಯಿರಿ:

1. ತೊಂದರೆ ಕಂಡ ದಿನ, ಗಂಟೆ ಮತ್ತು ಆಗ ತೋರಿಸಿದ ತಾಪಮಾನ.
2. ದೂರು ಕೊಟ್ಟ ಗಂಟೆ ಮತ್ತು ಟಿಕೆಟ್ ಸಂಖ್ಯೆ.
3. ಎಂಜಿನಿಯರ್ ಬಂದ ಗಂಟೆ, ಹೇಳಿದ ಕಾರಣ.
4. ಹಾಕಿದ ಭಾಗ, ತೆಗೆದ ಭಾಗ, ಗ್ಯಾಸಿನ ತೂಕ.
5. ಮುಂದಿನ ಹೊತ್ತಿನ ಹಾಲು 4 ಡಿಗ್ರಿಗೆ ಬಂದ ಗಂಟೆ.

ಎರಡನೆಯ ಅಂಶಕ್ಕೆ ವಿಶೇಷ ಗಮನ ಕೊಡಿ. ಪರಿಚಯದ ಎಂಜಿನಿಯರ್ ಎಂದು ಅವರ ಮೊಬೈಲಿಗೇ ಫೋನ್ ಮಾಡಿದರೆ, ಅವರು ಬಂದ ಮೇಲೆ ಟಿಕೆಟ್ ತೆರೆಯಬಹುದು. ಹುಣ್ಣಿಮೆ ದಿನ ಹುಲಿಗೆಮ್ಮನ ಜನಸಂದಣಿಯಲ್ಲಿ ಗಾಡಿ ಸಿಕ್ಕಿಕೊಂಡು ಅವರು ತಡವಾಗಿ ಬಂದರೂ, ಲೆಕ್ಕದಲ್ಲಿ ತಡವೇ ಕಾಣುವುದಿಲ್ಲ. ಅವರಿಗೆ ಫೋನ್ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಮೊದಲು ಕಂಪನಿಯ ದೂರು ಸಂಖ್ಯೆಗೆ ಮಾಡಿ.

ಯಂತ್ರ ತಂಪು ಮಾಡುವುದನ್ನು ನೋಡದೆ ಸಹಿಯನ್ನಾಗಲಿ ಓ.ಟಿ.ಪಿ.ಯನ್ನಾಗಲಿ ಕೊಡಬೇಡಿ. ಎಂಜಿನಿಯರ್ ಕಾಯಲು ಆಗದಿದ್ದರೆ ಸಹಿಯ ಮೇಲೆ "ಸಂಜೆ ಹಾಲಿನ ತಾಪಮಾನ ನೋಡಬೇಕಾಗಿದೆ" ಎಂದು ಬರೆಯಿರಿ.

ತಂಪಾಗದ್ದಕ್ಕೆಲ್ಲ ಗ್ಯಾಸೇ ಕಾರಣ ಎಂದೂ ತಿಳಿಯಬೇಡಿ. ಹೊರಗಿನ ಕಂಡೆನ್ಸರ್ ಜಾಲರಿಗೆ ಧೂಳು, ಹೊಟ್ಟು ಕಟ್ಟಿಕೊಂಡರೂ, ವೋಲ್ಟೇಜ್ ಕಡಿಮೆಯಾದರೂ ಹೀಗೇ ಆಗುತ್ತದೆ. ಯಂತ್ರ ನಿಲ್ಲಿಸಿ ಮೆತ್ತನೆಯ ಬ್ರಷ್ಷಿನಿಂದ ಜಾಲರಿ ಒರೆಸುವುದು ನಮ್ಮ ಕೆಲಸ, ಅದಕ್ಕೆ ಟಿಕೆಟ್ ಬೇಡ.

ಒಪ್ಪಂದ ನವೀಕರಿಸುವ ಮುನ್ನ

ಮಾರ್ಚ್ ತಿಂಗಳಲ್ಲಿ ಒಪ್ಪಂದ ನವೀಕರಣಕ್ಕೆ ಬಂದಾಗ ಕಂಪನಿಯಿಂದ ಒಂದು ಕಾಗದ ಕೇಳಿ: ನಮ್ಮ ಯಂತ್ರದ ಕ್ರಮಸಂಖ್ಯೆಯ ಮೇಲೆ ವರ್ಷವಿಡೀ ಆದ ಟಿಕೆಟ್ಟುಗಳು ಮತ್ತು ಬಿಡಿಭಾಗಗಳ ಪಟ್ಟಿ. ಇ.ಆರ್.ಪಿ. ಇರುವ ಕಂಪನಿಗೆ ಅದನ್ನು ತೆಗೆದುಕೊಡುವುದು ಕಷ್ಟವಲ್ಲ. ಅದನ್ನು ನಮ್ಮ ನೋಟ್‌ಬುಕ್ಕಿನ ಪಕ್ಕ ಇಟ್ಟು ಸಾಲು ಸಾಲಾಗಿ ನೋಡಿ. ಒಪ್ಪಂದದಲ್ಲಿ ನಾಲ್ಕು ನಿಗದಿತ ತಪಾಸಣೆ ಇದ್ದರೆ ನಾಲ್ಕೂ ಆಗಿವೆಯೇ? ಒಂದೇ ಭಾಗ ಎರಡು ಸಲ ಬಂದಿದೆಯೇ? ಮಾಡಿದ ದುರಸ್ತಿಗೆ ಎಷ್ಟು ದಿನದ ಖಾತರಿ ಎಂದು ಬರೆದಿದೆಯೇ? ಬರೆದಿಲ್ಲದಿದ್ದರೆ ಹೊಸ ಒಪ್ಪಂದದಲ್ಲಿ ಬರೆಸಿ.

ನಮ್ಮ ಉದಾಹರಣೆಯ ಸಂಘದವರು ಮೂರು ಟಿಕೆಟ್ ಸಂಖ್ಯೆಗಳನ್ನು ಒಂದೇ ಪತ್ರದಲ್ಲಿ ಬರೆದು, ಸೋರಿಕೆ ಹುಡುಕುವವರೆಗೆ ಮೂರನೆಯ ಬಿಲ್ಲನ್ನು ತಡೆಹಿಡಿದಿದ್ದೇವೆ ಎಂದು ತಿಳಿಸಬಹುದು. ಪತ್ರದ ಒಂದು ಪ್ರತಿಯನ್ನು ಒಕ್ಕೂಟದ ವಿಸ್ತರಣಾಧಿಕಾರಿಯವರಿಗೂ ಕೊಡಲಿ. ನೀವು ಆಡಳಿತ ಮಂಡಳಿಯಲ್ಲಿ ಇಲ್ಲದಿದ್ದರೂ ಮಹಾಸಭೆಯಲ್ಲಿ ಕೇಳಬಹುದು. ಜಮಾ-ಖರ್ಚು ಓದುವಾಗ "ಯಂತ್ರ ದುರಸ್ತಿ" ಎಂಬ ಸಾಲು ಬಂದ ಕೂಡಲೇ ಎದ್ದು ನಿಂತು, ಇದರಲ್ಲಿ ಗ್ಯಾಸಿಗೆ ಎಷ್ಟು ಹೋಯಿತು, ಎಷ್ಟು ಸಲ ತುಂಬಿದರು ಎಂದು ಕೇಳಿ.