ಬಿಸಿಲಾಘಾತ: ವೈದ್ಯರ ಎಚ್ಚರಿಕೆ ಒಂದೇ ಪರದೆಯಲ್ಲಿ

ದೇಹದ ಒಳಗಿನ ಉಷ್ಣತೆ ಸುಮಾರು 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಅದರ ಜೊತೆಗೆ ಮಿದುಳಿನ ಕೆಲಸವೂ ಹದಗೆಟ್ಟರೆ ವೈದ್ಯರು ಅದನ್ನು ಬಿಸಿಲಾಘಾತ ಎನ್ನುತ್ತಾರೆ. ಬಿಸಿಲಿನಲ್ಲಿ ದಣಿದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ವಿಪರೀತ ಬೆವರು ಬರುವುದುಂಟು. ಅಂಥವರು ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಿದ್ದರೆ ನೆರಳು, ನೀರು, ವಿಶ್ರಾಂತಿಯಿಂದ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಮಾತು ತಡವರಿಸಿದಾಗ, ಎಲ್ಲಿದ್ದೇನೆಂಬ ಅರಿವು ತಪ್ಪಿದಾಗ, ವಿನಾಕಾರಣ ರೇಗಾಡಿದಾಗ ಸ್ಥಿತಿಯೇ ಬೇರೆ. ಅಲ್ಲಿಂದ ಮುಂದೆ ಪ್ರತಿ ನಿಮಿಷವೂ ಮಿದುಳು, ಮೂತ್ರಪಿಂಡ, ಯಕೃತ್ತುಗಳಿಗೆ ಹಾನಿ ಹೆಚ್ಚಿಸುತ್ತದೆ.

ಹೊರಗಿನ ಗಾಳಿ ಮೈಗಿಂತ ಬಿಸಿಯಾದಾಗ ದೇಹಕ್ಕೆ ಉಳಿಯುವ ಮುಖ್ಯ ದಾರಿ ಬೆವರು ಆರುವುದು. ಬೆವರು ಸುರಿದರಷ್ಟೇ ಸಾಲದು, ಅದು ಆವಿಯಾಗಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಮೈಮೇಲೆ ಹರಿದುಹೋಗುತ್ತದೆ, ತಂಪು ಮಾತ್ರ ಸಿಗುವುದಿಲ್ಲ. ಹೀಗಾಗಿ ತಾಪಮಾಪಕದ ಅಂಕಿಯೊಂದನ್ನೇ ನೋಡಿ ಅಪಾಯ ಅಳೆಯಲಾಗದು. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಬಯಲಿನಲ್ಲಿ ನಡೆದ ಸಮಾರಂಭಕ್ಕೆ ಬಂದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಿನ ಹೊಡೆತಕ್ಕೆ ಸತ್ತರು. ಆ ದಿನ ಆ ಭಾಗದಲ್ಲಿ ವರದಿಯಾದ ತಾಪಮಾನ 40 ಡಿಗ್ರಿಯನ್ನು ಮುಟ್ಟಿರಲಿಲ್ಲ. ತಗಡಿನ ಸೂರಿನ ಕೋಣೆಯಲ್ಲಿ ಮಲಗಿರುವ ವೃದ್ಧರಿಗೆ ಒಂದು ಹನಿ ಬಿಸಿಲು ತಾಗದೆಯೂ ಬಿಸಿಲಾಘಾತವಾಗಬಹುದು.

ಇಷ್ಟನ್ನೂ ಬರೆದು ಕಳಿಸಿದರೆ ವಾಟ್ಸಾಪ್‌ನಲ್ಲಿ ಓದುವವರು ವಿರಳ. ಸಾಮಾಜಿಕ ಜಾಲತಾಣಕ್ಕೆ ಬರೆಯುವ ವೈದ್ಯರ ಕಷ್ಟ ಇದೇ: ಮೊಬೈಲಿನ ಒಂದು ಪರದೆಯಲ್ಲಿ ಮುಗಿಯಬೇಕು, ಮೊಟಕುಗೊಳಿಸುವಾಗ ಸುಳ್ಳೂ ಆಗಬಾರದು. ಎರಡನ್ನೂ ಸರಿದೂಗಿಸುವ ಒಂದು ಮಾದರಿ ಹೀಗಿರಬಹುದು:

"ಬಿಸಿಲಲ್ಲಿ ಅಥವಾ ಸೆಕೆಯಲ್ಲಿ ಇದ್ದವರು ಅಸಂಬದ್ಧವಾಗಿ ಮಾತಾಡಿದರೆ, ತೂರಾಡಿದರೆ, ಎಚ್ಚರ ತಪ್ಪಿದರೆ, ಫಿಟ್ಸ್ ಬಂದರೆ ಬಿಸಿಲಾಘಾತ ಎಂದುಕೊಳ್ಳಿ. ಮೈ ಬೆವರುತ್ತಿದ್ದರೂ ಸರಿ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನಿರಬೇಡಿ: ನೆರಳಿಗೆ ತನ್ನಿ, ಬಟ್ಟೆ ಕಳಚಿ, ಮೈತುಂಬ ನೀರು ಸುರಿಯುತ್ತ ಗಾಳಿ ಹಾಕಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಕೊಡಬೇಡಿ."

ಮೊದಲ ಸಾಲಿನಲ್ಲಿ ಉಷ್ಣತೆಯ ಅಂಕಿಯೇ ಇಲ್ಲ. ರಸ್ತೆಯಲ್ಲಿ, ಹೊಲದಲ್ಲಿ ಯಾರ ಬಳಿಯೂ ಥರ್ಮಾಮೀಟರ್ ಇರುವುದಿಲ್ಲ. ಇದ್ದರೂ ಕಂಕುಳಲ್ಲಿಟ್ಟು ನೋಡಿದಾಗ ಒಳಗಿನ ಉಷ್ಣತೆಗಿಂತ ಕಡಿಮೆ ತೋರಿಸಿ ಸುಳ್ಳು ಧೈರ್ಯ ಕೊಡಬಹುದು. ಆಸ್ಪತ್ರೆಯಲ್ಲಿ ಗುದದ್ವಾರದ ಮೂಲಕ ಅಳೆಯುವುದು ಇದೇ ಕಾರಣಕ್ಕೆ. ಮಾತು, ನಡೆ, ಎಚ್ಚರ ಇವನ್ನಾದರೆ ಯಾರು ಬೇಕಾದರೂ ಗಮನಿಸಬಹುದು. ಸಕ್ಕರೆ ಕಾಯಿಲೆಯವರಿಗೆ ರಕ್ತದಲ್ಲಿ ಸಕ್ಕರೆ ಇಳಿದಾಗಲೂ, ಪಾರ್ಶ್ವವಾಯು ಬಡಿದಾಗಲೂ ಮಾತು ತಡವರಿಸುತ್ತದೆ, ನಿಜ. ಆದರೂ "ಎಂದುಕೊಳ್ಳಿ" ಎಂದಿರುವುದು ಸರಿಯೇ. ಸುಡು ಸೆಕೆಯಲ್ಲಿ ಬಿದ್ದವರಿಗೆ, ಕಾಯಿಲೆ ಬೇರೆಯಾಗಿದ್ದರೂ, ಆಂಬುಲೆನ್ಸ್ ಬರುವವರೆಗೆ ಮೈಗೆ ನೀರು ಹಾಕಿದ್ದರಿಂದ ಆಗುವ ಕೇಡು ಅಲ್ಪ. ಬಿಸಿಲಾಘಾತವಾದವರ ಮೈಗೆ ನೀರು ಹಾಕದೆ ಬಿಟ್ಟರೆ ಜೀವವೇ ಹೋಗಬಹುದು.

"ಬೆವರುತ್ತಿದ್ದರೂ ಸರಿ" ಎಂಬುದು ಸಣ್ಣ ಮಾತಿನಂತೆ ಕಂಡರೂ ಕೈಬಿಡುವಂಥದ್ದಲ್ಲ. ಬೆವರು ನಿಂತು ಚರ್ಮ ಒಣಗಿದರೆ ಮಾತ್ರ ಬಿಸಿಲಾಘಾತ ಎಂಬ ನಂಬಿಕೆ ಹಳೆಯದು. ಬಿಸಿಗಾಳಿ ಹಲವು ದಿನ ಮುಂದುವರಿದಾಗ ವೃದ್ಧರಲ್ಲಿ ಹಾಗಾಗುವುದುಂಟು. ಬಿಸಿಲಲ್ಲಿ ದುಡಿಯುವವರು, ಓಡುವವರು ಮಾತ್ರ ಒಂದೆರಡು ಗಂಟೆಯಲ್ಲೇ, ಬೆವರಿನಲ್ಲಿ ತೊಯ್ದ ಮೈಯಲ್ಲೇ ಕುಸಿಯುತ್ತಾರೆ.

ಕಲಬುರಗಿಯಲ್ಲಿ ಮೇ ತಿಂಗಳ ಒಂದು ಮಧ್ಯಾಹ್ನ ಕಟ್ಟಡದ ಸ್ಲ್ಯಾಬ್ ಹಾಕುತ್ತಿದ್ದ ಕೂಲಿಯಾಳೊಬ್ಬ ತೂರಾಡುತ್ತ ಏನೇನೋ ಬಡಬಡಿಸತೊಡಗಿದ ಎಂದುಕೊಳ್ಳೋಣ. ಜೊತೆಗಿದ್ದವರಿಗೆ ಮೊದಲು ಹೊಳೆಯುವುದು ಅವನನ್ನು ಆಟೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡುವುದು. ದಾರಿ ಅರ್ಧ ಗಂಟೆಯದಾದರೆ ಆ ಅರ್ಧ ಗಂಟೆಯೂ ಅವನ ಮಿದುಳು ಬೇಯುತ್ತಲೇ ಇರುತ್ತದೆ. ಉಷ್ಣತೆಯನ್ನು ಮೊದಲ ಅರ್ಧ ಗಂಟೆಯೊಳಗೆ 39 ಡಿಗ್ರಿಯ ಆಸುಪಾಸಿಗೆ ಇಳಿಸುವುದು ಚಿಕಿತ್ಸೆಯ ಗುರಿ, ಆ ಕೆಲಸ ಬಿದ್ದ ಜಾಗದಲ್ಲೇ ಶುರುವಾಗಬೇಕು. ಕ್ಯೂರಿಂಗ್‌ಗೆ ಇಟ್ಟ ನೀರಿನ ಡ್ರಮ್ಮು, ಪೈಪು ಅಲ್ಲೇ ಇರುತ್ತವೆ. ಒಬ್ಬರು 108ಕ್ಕೆ ಕರೆ ಮಾಡುವಷ್ಟರಲ್ಲಿ ಇನ್ನಿಬ್ಬರು ಅವನನ್ನು ನೆರಳಿಗೆ ತಂದು, ಅಂಗಿ ಬಿಚ್ಚಿ, ತಲೆಯಿಂದ ಕಾಲಿನವರೆಗೆ ನೀರು ಹರಿಸಬಹುದು. ಬಿಸಿಲಲ್ಲಿದ್ದ ಪೈಪಿನ ಮೊದಲ ನೀರು ಸುಡುತ್ತದೆ, ಅದನ್ನು ಚೆಲ್ಲಿಬಿಡಬೇಕು. ರಟ್ಟನ್ನೋ ಟವೆಲನ್ನೋ ಬೀಸುತ್ತಿದ್ದರೆ ಮೈಮೇಲಿನ ನೀರು ಬೇಗ ಆರಿ ತಂಪಾಗುತ್ತದೆ. ಒಣ ಮೈಗೆ ಬರೀ ಬಿಸಿಗಾಳಿ ಬೀಸಿದರೆ ಉಪಯೋಗವಿಲ್ಲ. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಬಹುದು. ಎಚ್ಚರ ತಪ್ಪಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ವಾಂತಿಯಾದರೂ ಶ್ವಾಸನಾಳಕ್ಕೆ ಇಳಿಯದು. ಮಾತು ನೆಟ್ಟಗಾದರೂ ಅವನು ಆಸ್ಪತ್ರೆಗೆ ಹೋಗಲೇಬೇಕು. ಯಕೃತ್ತು, ಮೂತ್ರಪಿಂಡಗಳ ಹಾನಿ ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳುವುದುಂಟು.

ಕೊನೆಯ ಎರಡು "ಬೇಡಿ"ಗಳು ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪುಗಳನ್ನು ತಡೆಯಲು ಇವೆ. ಎಚ್ಚರವಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶ ಸೇರಬಹುದು. ಇನ್ನು ಜ್ವರದಲ್ಲಿ ಮಿದುಳು ತಾನೇ ಉಷ್ಣತೆಯ ಮಟ್ಟವನ್ನು ಏರಿಸಿಕೊಂಡಿರುತ್ತದೆ, ಪ್ಯಾರಾಸಿಟಮಾಲ್ ಅದನ್ನು ಇಳಿಸುತ್ತದೆ. ಬಿಸಿಲಾಘಾತದಲ್ಲಿ ಆ ಮಟ್ಟ ಏರಿರುವುದೇ ಇಲ್ಲ, ಶಾಖ ಹೊರಹೋಗದೆ ಕೂಡಿಕೊಂಡಿರುತ್ತದೆ. ಮಾತ್ರೆಯಿಂದ ಪ್ರಯೋಜನವಿಲ್ಲ, ಮೊದಲೇ ಬಳಲಿದ ಯಕೃತ್ತಿಗೆ ಹೊರೆ ಬೇರೆ.

ಇಂಥ ಸಂದೇಶಕ್ಕೆ ಎದುರಾಳಿಗಳೂ ಇದ್ದಾರೆ. ಬೇಸಿಗೆ ಬಂತೆಂದರೆ, ಸೆಕೆಯಲ್ಲಿದ್ದವರು ತಣ್ಣೀರು ಕುಡಿದರೆ ಅಥವಾ ಕಾಲು ತೊಳೆದರೆ ರಕ್ತನಾಳ ಒಡೆಯುತ್ತದೆ ಎಂಬ ಫಾರ್ವರ್ಡು ಯಾವುದೋ ವೈದ್ಯರ ಹೆಸರು ಹೊತ್ತು ಸುತ್ತತೊಡಗುತ್ತದೆ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳಿ ಎನ್ನುವ ಸಲಹೆ ಅದರ ಮುಂದೆ ನಿರಪಾಯ. ಮೊದಲಿನದು ಅತಿ ಕೆಟ್ಟದ್ದು, ಏಕೆಂದರೆ ಜೀವ ಉಳಿಸುವ ನೀರನ್ನೇ ಅದು ತಡೆಯುತ್ತದೆ. ದೂರದ ಓಟಗಾರರು ಕುಸಿದಾಗ ವೈದ್ಯರು ಅವರನ್ನು ಮಂಜುಗಡ್ಡೆ ಹಾಕಿದ ನೀರಿನ ತೊಟ್ಟಿಯಲ್ಲೇ ಮುಳುಗಿಸುತ್ತಾರೆ. ಆದರೂ ಎಚ್ಚರಿಕೆಯ ಸಂದೇಶದಲ್ಲಿ ಈ ವದಂತಿಯನ್ನು ಎತ್ತಿ ಆಡಿ ಅಲ್ಲಗಳೆಯದಿರುವುದೇ ಮೇಲು. ಅವಸರದಲ್ಲಿ ಓದುವವರ ನೆನಪಿನಲ್ಲಿ ಅಲ್ಲಗಳೆದದ್ದು ಹೋಗಿ ವದಂತಿಯೇ ಉಳಿದೀತು. "ಮೈತುಂಬ ನೀರು ಸುರಿಯುತ್ತ" ಎಂಬುದೇ ಅದಕ್ಕೆ ಉತ್ತರ.

ಸಂದೇಶದ ಕೊನೆಗೆ ವೈದ್ಯರ ಹೆಸರು, ಊರು, ಬರೆದ ತಿಂಗಳು ಮತ್ತು ವರ್ಷ ಇರಬೇಕು. ಕೈಯಿಂದ ಕೈಗೆ ದಾಟುವಾಗ ಬರೆದವರಾರು, ಯಾವಾಗ ಎಂಬುದು ಮೊದಲು ಕಳಚಿಹೋಗುತ್ತದೆ. ಬಣ್ಣದ ಚಿತ್ರದೊಳಗೆ ಅಕ್ಷರ ಕೂರಿಸಿದರೆ ನೋಡಲು ಚೆಂದ, ಆದರೆ ಕಣ್ಣು ಕಾಣದವರ ಫೋನು ಅದನ್ನು ಸುಲಭವಾಗಿ ಓದಿ ಹೇಳಲಾರದು. ಬರಿಯ ಅಕ್ಷರದ ಸಂದೇಶವಾದರೆ ಕನ್ನಡ ಓದಲು ಬಾರದ ಕೂಲಿಗಾರರಿಗೆ ಮೇಸ್ತ್ರಿಯೇ ಅದನ್ನು ಹಿಂದಿಗೋ ತೆಲುಗಿಗೋ ತಿರುಗಿಸಿ ಕಳಿಸಬಹುದು. ಮಂಗಳೂರು, ಕಾರವಾರಗಳ ಓದುಗರಿಗಾದರೆ ಮೊದಲ ಸಾಲಿನಲ್ಲಿ "ಸೆಕೆ" ಮುಂದೆ ಬಂದು "ಬಿಸಿಲು" ಹಿಂದೆ ಸರಿಯುವುದು ಒಳ್ಳೆಯದು. ಅಲ್ಲಿ ಮೋಡ ಕವಿದ ದಿನವೂ ಬೆವರು ಆರುವುದಿಲ್ಲ.