ಸೊನ್ನೆಗೆ ಕಾಯುವ ಬ್ರೇಕರ್

ಮಳೆಗಾಳಿಯ ರಾತ್ರಿ. ಹಳ್ಳಿಗಳ ಕಡೆ ಹೋಗುವ 11 ಕೆವಿ ಲೈನಿನ ಮೇಲೆ ಮರದ ಕೊಂಬೆಯೊಂದು ಮುರಿದು ಬಿದ್ದು ಎರಡು ತಂತಿಗಳು ಒಂದಕ್ಕೊಂದು ತಾಗಿದವು ಎಂದಿಟ್ಟುಕೊಳ್ಳಿ. ಅಲ್ಲಿಯವರೆಗೆ 150 ಆಂಪಿಯರ್ ಹರಿಯುತ್ತಿದ್ದ ಕಡೆ ಈಗ 4000 ಆಂಪಿಯರ್ ನುಗ್ಗುತ್ತಿದೆ. ಸಬ್‌ಸ್ಟೇಷನ್ನಿನ ಪ್ಯಾನೆಲ್ಲಿನೊಳಗೆ ಧಡ್ ಎಂದು ಸದ್ದಾಗುತ್ತದೆ, ಊರು ಕತ್ತಲಾಗುತ್ತದೆ, ಆಪರೇಟರು ಲಾಗ್ ಪುಸ್ತಕದಲ್ಲಿ ವೇಳೆ ಬರೆದುಕೊಳ್ಳುತ್ತಾರೆ. ತಂತಿ ತಾಗಿದ್ದಕ್ಕೂ ಆ ಸದ್ದಿಗೂ ನಡುವೆ ಅರ್ಧ ಸೆಕೆಂಡೂ ಆಗಿರುವುದಿಲ್ಲ. ಈ ಅಧ್ಯಾಯ ಅಷ್ಟು ಹೊತ್ತಿನದು ಮಾತ್ರ.

ಮೊದಲು ಎಚ್ಚರಾಗುವುದು ರಿಲೇ. ಲೈನಿನ ಕರೆಂಟನ್ನು ಅದು ನೇರವಾಗಿ ಮುಟ್ಟುವುದಿಲ್ಲ. ಕರೆಂಟ್ ಟ್ರಾನ್ಸ್‌ಫಾರ್ಮರ್ ಅದನ್ನು 400ರಲ್ಲಿ ಒಂದು ಪಾಲಿಗೆ ಇಳಿಸಿ ಕೊಡುತ್ತದೆ. ಹಾಗಾಗಿ 4000 ಆಂಪಿಯರ್ ರಿಲೇಗೆ 10 ಆಂಪಿಯರಾಗಿ ಕಾಣುತ್ತದೆ. ನಮ್ಮ ರಿಲೇಯನ್ನು 400 ಆಂಪಿಯರಿಗೆ ಸೆಟ್ ಮಾಡಿದ್ದಾರೆ ಎಂದರೆ ಬಂದಿರುವುದು ಅದರ ಹತ್ತು ಪಟ್ಟು. ಇಷ್ಟಾದರೂ ರಿಲೇ ತಕ್ಷಣ ಹಾರುವುದಿಲ್ಲ. ಸಾಮಾನ್ಯವಾಗಿ ಬಳಸುವ ಕರೆಂಟು-ವೇಳೆಯ ಗೆರೆಯ ಪ್ರಕಾರ, ಟೈಮ್ ಸೆಟ್ಟಿಂಗ್ 0.1 ಇದ್ದರೆ ಹತ್ತು ಪಟ್ಟು ಕರೆಂಟಿಗೆ ಸುಮಾರು 0.3 ಸೆಕೆಂಡ್ ಕಾಯುತ್ತದೆ, ಐದು ಪಟ್ಟಿಗೆ 0.43 ಸೆಕೆಂಡ್. ಈ ತಾಳ್ಮೆಗೆ ಕಾರಣವಿದೆ. ತೊಂದರೆ ಇರುವುದು ಯಾವುದೋ ತೋಟದ ಬದಿಯ ಟಿಸಿಯಲ್ಲಾಗಿದ್ದರೆ ಅದರ ಫ್ಯೂಸೇ ಮೊದಲು ಹೋಗಲಿ, ಒಂದು ಟಿಸಿಗಾಗಿ ಇಡೀ ಫೀಡರು ಕತ್ತಲಾಗುವುದು ಬೇಡ ಎಂದು. ಇದೇ ಲೆಕ್ಕದಲ್ಲಿ, ಪವರ್ ಟ್ರಾನ್ಸ್‌ಫಾರ್ಮರಿನ ಹತ್ತಿರವಿರುವ ಮೇಲಿನ ಬ್ರೇಕರು ಇನ್ನೂ 0.3 ಸೆಕೆಂಡಿನಷ್ಟು ತಡೆದು ನೋಡುತ್ತದೆ.

ಕಾದದ್ದು ಮುಗಿದ ಮೇಲೂ ರಿಲೇ ಮಾಡುವುದು ಚಿಕ್ಕ ಕೆಲಸ. ಒಂದು ಸಣ್ಣ ಕಾಂಟ್ಯಾಕ್ಟ್ ಮುಚ್ಚುತ್ತದೆ, ಬ್ಯಾಟರಿಯ 110 ವೋಲ್ಟ್ ಟ್ರಿಪ್ ಕಾಯಿಲಿಗೆ ಸಿಗುತ್ತದೆ, ಕೊಂಡಿ ಕಳಚುತ್ತದೆ, ಮೊದಲೇ ಬಿಗಿದಿಟ್ಟ ಸ್ಪ್ರಿಂಗು ಬ್ರೇಕರನ್ನು ಎಳೆದು ತೆರೆಯುತ್ತದೆ. ಲೈನಿನಲ್ಲೇ ಬೇಕಾದಷ್ಟು ವಿದ್ಯುತ್ತಿರುವಾಗ ಬ್ಯಾಟರಿ ಏಕೆಂದರೆ, ಶಾರ್ಟ್ ಆದ ಗಳಿಗೆಯಲ್ಲೇ ಲೈನಿನ ವೋಲ್ಟೇಜು ಕುಸಿದಿರುತ್ತದೆ. ಬ್ಯಾಟರಿ ಸತ್ತಿದ್ದರೆ ಬ್ರೇಕರು ಅಲುಗುವುದಿಲ್ಲ. ಮೇಲಿನ ಬ್ರೇಕರಿಗೂ ಅದೇ ಬ್ಯಾಟರಿಯಾದರೆ ಟ್ರಾನ್ಸ್‌ಫಾರ್ಮರಿಗೇ ಸಂಚಕಾರ. ಪಾಳಿ ವಹಿಸಿಕೊಳ್ಳುವ ಆಪರೇಟರು ಪ್ಯಾನೆಲ್ಲಿನ ಟ್ರಿಪ್ ಹೆಲ್ತಿ ಗುಂಡಿ ಒತ್ತಿ ದೀಪ ಹತ್ತುತ್ತದೆಯೇ ಎಂದು ನೋಡುವುದನ್ನು ಯಾರೂ ಶಾಸ್ತ್ರಕ್ಕೆ ಎಂದುಕೊಳ್ಳಬಾರದು.

ಈಗ ಕಾಂಟ್ಯಾಕ್ಟುಗಳು ಬೇರೆಯಾಗತೊಡಗಿವೆ. ಲೋಹ ಲೋಹದಿಂದ ದೂರವಾದರೆ ಕರೆಂಟು ಅಲ್ಲಿಗೇ ನಿಲ್ಲಬೇಕಲ್ಲ? ನಿಲ್ಲುವುದಿಲ್ಲ. ಬೇರೆಯಾಗುವ ಕೊನೆಯ ಕ್ಷಣದಲ್ಲಿ ಎರಡು ಮುಖಗಳು ಸೂಜಿಮೊನೆಯಷ್ಟು ಜಾಗದಲ್ಲಿ ಮಾತ್ರ ಅಂಟಿಕೊಂಡಿರುತ್ತವೆ. 4000 ಆಂಪಿಯರೂ ಆ ಮೊನೆಯಲ್ಲೇ ನುಸುಳಬೇಕು. ಲೋಹ ಕರಗಿ ಎಳೆಯಾಗುತ್ತದೆ, ಎಳೆ ಕುದಿದು ಸಿಡಿಯುತ್ತದೆ, ಅದರ ಆವಿಯಲ್ಲಿ ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಓಡಾಡತೊಡಗುತ್ತವೆ. ಅದೇ ಆರ್ಕ್: ಕರೆಂಟನ್ನು ಸಾಗಿಸಬಲ್ಲ, ಉರಿಯುವ ಆವಿಯ ಸೇತುವೆ. ಗಾಳಿಯಲ್ಲಿ ಉರಿಯುವ ದೊಡ್ಡ ಆರ್ಕಿನ ನಡುಭಾಗ ಸೂರ್ಯನ ಮೇಲ್ಮೈಗಿಂತ ಬಿಸಿ.

ಕರೆಂಟು ಅಲ್ಲಿಗೇ ನಿಲ್ಲದಿರಲು ಇನ್ನೊಂದು ಕಾರಣ ಲೈನಿನಲ್ಲೇ ಇದೆ. ತಂತಿಯ, ಟ್ರಾನ್ಸ್‌ಫಾರ್ಮರಿನ ಸುರುಳಿಗಳ ಸುತ್ತ ಕಾಂತಕ್ಷೇತ್ರದಲ್ಲಿ ಶಕ್ತಿ ತುಂಬಿಕೊಂಡಿರುತ್ತದೆ. ಓಡುವ ಎತ್ತಿನ ಗಾಡಿಯನ್ನು ಗಕ್ಕನೆ ನಿಲ್ಲಿಸಿದರೆ ಮೇಲಿನ ಹೊರೆ ಮುಂದಕ್ಕೆ ಬೀಳುವಂತೆ, ಕರೆಂಟನ್ನು ದಿಢೀರನೆ ಕಡಿದರೆ ಆ ಶಕ್ತಿ ಭಾರೀ ವೋಲ್ಟೇಜಾಗಿ ಎದ್ದು ಎಲ್ಲೋ ಒಂದು ಕಡೆ ಇನ್ಸುಲೇಷನ್ನನ್ನು ಸೀಳುತ್ತದೆ. ಆರ್ಕು ಶತ್ರುವೆಂದೇ ಎಲ್ಲರೂ ಬರೆಯುತ್ತಾರೆ. ನನ್ನ ಮಟ್ಟಿಗೆ ಅದು ಕೆಲವು ಮಿಲಿಸೆಕೆಂಡುಗಳ ಮಟ್ಟಿಗೆ ಉಪಕಾರಿಯೇ. ಕರೆಂಟು ತಾನಾಗಿ ಇಳಿಯುವವರೆಗೆ ಅದಕ್ಕೊಂದು ದಾರಿ ಕೊಟ್ಟಿರುತ್ತದೆ.

ತಾನಾಗಿ ಇಳಿಯುವುದು ಎಂದರೆ? ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಅಲೆಯಾಡುವ ಎಸಿ. ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಕರೆಂಟು ಸೊನ್ನೆಗೆ ಬಂದು ದಿಕ್ಕು ಬದಲಿಸುತ್ತದೆ. ಆ ಕ್ಷಣ ಕಾಂತಕ್ಷೇತ್ರದ ಶಕ್ತಿಯೂ ಸೊನ್ನೆ, ಆರ್ಕಿಗೆ ಮೇವೂ ಇಲ್ಲ. ಎಸಿ ಬ್ರೇಕರು ಕರೆಂಟನ್ನು ಕತ್ತರಿಸುತ್ತದೆ ಎಂಬ ಮಾತು ಅಷ್ಟು ಸರಿಯಲ್ಲ. ಅದು ಸೊನ್ನೆಗೆ ಕಾದಿದ್ದು, ಸತ್ತ ಆರ್ಕು ಮತ್ತೆ ಹುಟ್ಟದಂತೆ ನೋಡಿಕೊಳ್ಳುತ್ತದೆ.

ಅದು ಮತ್ತೆ ಹುಟ್ಟಲು ಹವಣಿಸುತ್ತದೆ. ಕರೆಂಟು ನಿಂತೊಡನೆ ತೆರೆದ ಸಂದಿನ ಎರಡೂ ಬದಿಗೆ ವೋಲ್ಟೇಜು ಚಿಮ್ಮಿ ಏರುತ್ತದೆ. 12 ಕೆವಿ ದರ್ಜೆಯ ಬ್ರೇಕರನ್ನು ಪರೀಕ್ಷಿಸುವಾಗ ಅದು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 60 ಪಾಲಿನೊಳಗೆ 20 ಕೆವಿ ಮುಟ್ಟುತ್ತದೆ. ಇತ್ತ ಸಂದಿನೊಳಗಿನ ಬಿಸಿ ಆವಿ ಚದುರಿ, ಜಾಗ ಮತ್ತೆ ಇನ್ಸುಲೇಟರ್ ಆಗಬೇಕು. ಯಾವುದು ಮುಂದಾಗುತ್ತದೋ ಅದರದೇ ಗೆಲುವು. ಇದನ್ನು ಓಟದ ಪಂದ್ಯವೆಂದು 1928ರಲ್ಲಿ ವಿವರಿಸಿದವರು ಅಮೆರಿಕದ ಎಂಜಿನಿಯರ್ ಜೋಸೆಫ್ ಸ್ಲೆಪಿಯನ್.

ನಮ್ಮ ಫೀಡರಿನಲ್ಲಿರುವುದು ವ್ಯಾಕ್ಯೂಮ್ ಬ್ರೇಕರ್. ಪಿಂಗಾಣಿಯ ಸೀಸೆಯಂಥ ಕೊಳವೆ, ಒಳಗೆ ನಿರ್ವಾತ, ತಾಮ್ರ-ಕ್ರೋಮಿಯಂ ಬೆರೆತ ಎರಡು ಬಿಲ್ಲೆಗಳು. ಪೂರ್ತಿ ತೆರೆದಾಗಲೂ ಬಿಲ್ಲೆಗಳ ನಡುವೆ ಸುಮಾರು 8 ಮಿಲಿಮೀಟರ್ ಅಷ್ಟೇ. ಅಲ್ಲಿ ಉರಿಯಲು ಗಾಳಿಯಿಲ್ಲ, ಆರ್ಕು ಬದುಕುವುದು ಬಿಲ್ಲೆಯಿಂದ ತಾನೇ ಎಬ್ಬಿಸಿದ ಲೋಹದ ಆವಿಯಲ್ಲಿ. ಕರೆಂಟು ಸೊನ್ನೆಯಾದಾಗ ಆವಿ ಹುಟ್ಟುವುದು ನಿಲ್ಲುತ್ತದೆ, ಇದ್ದ ಆವಿ ಕಣ್ಣೆವೆ ಇಕ್ಕುವುದಕ್ಕಿಂತ ಸಾವಿರಾರು ಪಟ್ಟು ಬೇಗ ಸುತ್ತಲಿನ ಲೋಹದ ಕವಚಕ್ಕೆ ಅಂಟಿ ತಣಿಯುತ್ತದೆ. ಬಿಲ್ಲೆಗಳಿಗೆ ಓರೆಯಾಗಿ ಸೀಳು ಕೊರೆದಿರುವುದು ಅಲಂಕಾರಕ್ಕಲ್ಲ. ಆ ಸೀಳುಗಳಿಂದ ಹುಟ್ಟುವ ಕಾಂತಬಲ ಆರ್ಕನ್ನು ಒಂದೇ ಕಡೆ ನಿಲ್ಲಲು ಬಿಡದೆ ಓಡಿಸುತ್ತದೆ, ಇಲ್ಲವಾದರೆ ಅಲ್ಲಿ ಗುಂಡಿ ಬೀಳುತ್ತಿತ್ತು.

ಬಿಲ್ಲೆ ಮಿಲಿಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಯುತ್ತದೆ. ಬೇರೆಯಾದ ಒಂದೇ ಮಿಲಿಸೆಕೆಂಡಿಗೆ ಮೊದಲ ಸೊನ್ನೆ ಬಂದುಬಿಟ್ಟರೆ ಸಂದು ಇನ್ನೂ ಒಂದೇ ಮಿಲಿಮೀಟರ್, ವೋಲ್ಟೇಜು ಅದನ್ನು ಹಾರಿ ಆರ್ಕನ್ನು ಮತ್ತೆ ಹೊತ್ತಿಸಬಹುದು. ಮುಂದಿನ ಸೊನ್ನೆಯ ಹೊತ್ತಿಗೆ ಸಂದು ಪೂರ್ತಿ ತೆರೆದಿರುತ್ತದೆ, ಆರ್ಕು ಸೋಲುತ್ತದೆ. ರಿಲೇಯ 0.3 ಸೆಕೆಂಡ್, ಕೊಂಡಿ ಕಳಚಿ ಬಿಲ್ಲೆ ಬೇರೆಯಾಗಲು ಸುಮಾರು 0.05, ಆರ್ಕಿಗೆ 0.01ರ ಆಸುಪಾಸು. ಲೆಕ್ಕ ಮುಗಿಯಿತು.

ಈ ಕೊಳವೆಯ ದೊಡ್ಡ ಕಷ್ಟವೆಂದರೆ ಒಳಗಿನ ನಿರ್ವಾತ ಸೋರಿ ಹೋದರೂ ಹೊರಗಿನಿಂದ ಗೊತ್ತಾಗದು. ಮುಚ್ಚಿದ್ದಾಗ ಕರೆಂಟು ಎಂದಿನಂತೆ ಹರಿಯುತ್ತಿರುತ್ತದೆ. ಬಿಲ್ಲೆಗಳನ್ನು ತೆರೆದಿಟ್ಟು ಅವುಗಳ ನಡುವೆ ಹೆಚ್ಚಿನ ವೋಲ್ಟೇಜು ಕೊಟ್ಟಾಗ ಮಾತ್ರ ಗುಟ್ಟು ಬಯಲಾಗುತ್ತದೆ. 12 ಕೆವಿ ದರ್ಜೆಯ ಹೊಸ ಬ್ರೇಕರು 28 ಕೆವಿಯನ್ನು ಒಂದು ನಿಮಿಷ ತಡೆಯಬೇಕು.

ಇಷ್ಟೆಲ್ಲ ಎಸಿಯ ಮಾತು. ಡಿಸಿಯಲ್ಲಿ ಸೊನ್ನೆ ಬರುವುದೇ ಇಲ್ಲ. ಅಲ್ಲಿ ಆರ್ಕನ್ನು ಎಳೆದು, ತಣಿಸಿ, ಲೋಹದ ತಗಡುಗಳ ನಡುವೆ ತುಂಡುತುಂಡು ಮಾಡಿ, ಅದನ್ನು ಉರಿಸಲು ಬೇಕಾಗುವ ವೋಲ್ಟೇಜು ಮೂಲದ ವೋಲ್ಟೇಜಿಗಿಂತ ಹೆಚ್ಚಾಗುವಂತೆ ಮಾಡಬೇಕು. ಪ್ರತಿ ತುಂಡಿಗೆ ಇಪ್ಪತ್ತು ಮೂವತ್ತು ವೋಲ್ಟು ಬೇಕಾಗುತ್ತದೆ. ಮನೆಯ ಎಂಸಿಬಿಯಲ್ಲೂ ಇಂಥ ತಗಡುಗಳಿವೆ, ಆದರೆ ಅದು ನೆಚ್ಚಿಕೊಂಡಿರುವುದು ಸೊನ್ನೆಯನ್ನು. ಅದನ್ನೇ ತಾರಸಿಯ ಸೋಲಾರ್ ಫಲಕಗಳ 600 ವೋಲ್ಟ್ ಡಿಸಿಗೆ ಹಾಕಿದರೆ, ತೆರೆದಾಗ ಆರ್ಕು ಆರದೆ ಡಬ್ಬಿಯೇ ಕರಗಿ ಹೊತ್ತಿಕೊಳ್ಳಬಹುದು. ಕೆಲವು ಡಿಸಿ ಎಂಸಿಬಿಗಳಲ್ಲಿ ಆರ್ಕನ್ನು ತಗಡಿನ ಕಡೆ ತಳ್ಳಲು ಶಾಶ್ವತ ಅಯಸ್ಕಾಂತವಿರುತ್ತದೆ. ಅವುಗಳ ಪ್ಲಸ್ ಮೈನಸ್ ಅದಲುಬದಲಾದರೆ ಆರ್ಕು ತಗಡಿನಿಂದ ದೂರಕ್ಕೆ ಓಡುತ್ತದೆ. ನಿಮ್ಮ ತಾರಸಿಯಲ್ಲಿ ಸೋಲಾರ್ ಇದ್ದರೆ, ಫಲಕದಿಂದ ಬರುವ ತಂತಿಯ ಡಬ್ಬಿ ಯಾವುದೆಂದು ಎಲೆಕ್ಟ್ರಿಷಿಯನ್ನರನ್ನು ಕೇಳಿ, ಎಂಸಿಬಿಯ ಮೇಲೆ ಡಿಸಿ ಎಂದು ಅಚ್ಚಾಗಿದೆಯೇ, ಎಷ್ಟು ವೋಲ್ಟಿಗೆ, ಪ್ಲಸ್ ಗುರುತಿನ ಕಡೆಗೆ ಯಾವ ತಂತಿ ಹೋಗಿದೆ ಎಂದು ಈ ವಾರವೇ ನೋಡಿಸಿ.