ಮನೆಯವರ ನಗೆಯೂ ಚಟ್ನಿಪುಡಿಯ ಲೆಕ್ಕವೂ

ಹುಬ್ಬಳ್ಳಿ-ಧಾರವಾಡದ ಕಡೆ ನೌಕರಿಯಲ್ಲಿರುವ ಹೆಣ್ಣುಮಗಳೊಬ್ಬಳು ಭಾನುವಾರಗಳಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇನೆ ಅಂದರೆ ಮನೆಯಲ್ಲಿ ಏಳುವ ಮಾತುಗಳನ್ನು ಊಹಿಸುವುದು ಕಷ್ಟವಲ್ಲ. ‘ಪುಡಿ ಮಾರಾಕ ಇಷ್ಟ ಓದಿಸಿದ್ವೇನು?’ ಎಂದು ಒಬ್ಬರು. ‘ಅಂಗಡ್ಯಾಗ ಇದಕ್ಕಿಂತ ಅಗ್ಗ ಸಿಗತೈತಿ, ನಿಂದ್ಯಾರು ತಗೋತಾರ?’ ಎಂದು ಇನ್ನೊಬ್ಬರು. ಎರಡೂ ಒಂದೇ ನಗೆಯ ಜೊತೆ ಬರುವುದರಿಂದ ಕೇಳಿಸಿಕೊಂಡವಳಿಗೆ ಎರಡೂ ಒಂದೇ ಬಗೆಯ ಚುಚ್ಚುಮಾತಾಗಿ ತಾಗುತ್ತವೆ. ಆದರೆ ಮೊದಲನೆಯದು ಮನೆತನದ ಮಾನದ ಮಾತು. ಅದಕ್ಕೆ ಯಾವ ಲೆಕ್ಕವೂ ಉತ್ತರ ಹೇಳಲಾರದು. ಎರಡನೆಯದು ಬೆಲೆಯ ಪ್ರಶ್ನೆ. ಅದಕ್ಕೆ ಉತ್ತರ ಇದೆ. ಆ ಉತ್ತರವನ್ನು ಹುಡುಕದೆ ಬಿಟ್ಟರೆ ಅದೇ ಪ್ರಶ್ನೆ ನಾಲ್ಕು ದಿನ ಕಳೆದ ಮೇಲೆ ‘ಇದು ನನ್ನ ಕೈಲಾಗುವ ಕೆಲಸವಲ್ಲ’ ಎಂದು ಒಳಗಿನಿಂದಲೇ ಮಾತಾಡತೊಡಗುತ್ತದೆ. ಹೊರಗಿನ ನಗೆ, ಒಳಗಿನ ಅನುಮಾನ ಎರಡೂ ಹೆಚ್ಚು ಬಲಿಯುವುದು ಲೆಕ್ಕವಿಲ್ಲದ ಜಾಗದಲ್ಲಿ ಎಂಬುದು ನನ್ನ ವಾದ.

ಲೆಕ್ಕ ಹೇಗಿರುತ್ತದೆ ನೋಡೋಣ. ದರಗಳನ್ನು ಉದಾಹರಣೆಗೆಂದು ಇಟ್ಟುಕೊಂಡಿದ್ದೇನೆ, ಊರಿನಿಂದ ಊರಿಗೆ ಅವು ಬದಲಾಗುತ್ತವೆ. ಎರಡು ಕಿಲೋ ಶೇಂಗಾ 300 ರೂಪಾಯಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಎಲ್ಲ ಸೇರಿ 150. ಗ್ಯಾಸಿಗೆ 30, ಪ್ಯಾಕೆಟ್ಟು ಮತ್ತು ಚೀಟಿಗೆ 60. ಒಟ್ಟು 540. ಹುರಿದಾಗ ನೀರಿನಂಶ ಹೋಗಿ, ಸಿಪ್ಪೆ ಉದುರಿ ತೂಕ ಇಳಿಯುತ್ತದೆ. ಮಿಕ್ಸಿಗೆ ಅಂಟಿದ್ದು, ರುಚಿ ನೋಡಲು ಕೊಟ್ಟದ್ದು ಕಳೆದು 200 ಗ್ರಾಮಿನ ಹತ್ತು ಪ್ಯಾಕೆಟ್ಟು ಸಿಕ್ಕವು ಅನ್ನೋಣ. ಪ್ಯಾಕೆಟ್ಟಿಗೆ 80ರಂತೆ ಮಾರಿದರೆ 260 ರೂಪಾಯಿ ಉಳಿಯುತ್ತದೆ, ಮನಸ್ಸೂ ಹಿಗ್ಗುತ್ತದೆ. ಆದರೆ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ತುಂಬಿ, ತಲುಪಿಸುವುದಕ್ಕೆ ಆರು ತಾಸು ಹಿಡಿದಿದ್ದರೆ ಅವಳಿಗೆ ತಾಸಿಗೆ ಬಿದ್ದದ್ದು 43 ರೂಪಾಯಿ. ಬೆಲೆ 110ಕ್ಕೆ ಏರಿಸಿದರೆ ತಾಸಿಗೆ 93 ಆಗುತ್ತದೆ; ಅದರಲ್ಲೇ ಎರಡು ಪ್ಯಾಕೆಟ್ಟು ಹಾಳಾಗಿ ಉಳಿದರೆ ಮತ್ತೆ 57ಕ್ಕೆ ಇಳಿಯುತ್ತದೆ. ‘ಹಾಕಿದ ರೊಕ್ಕಾನೂ ಬರಂಗಿಲ್ಲ’ ಎಂದು ನಕ್ಕವರು ಇಲ್ಲಿ ತಪ್ಪು, ಹಾಕಿದ ರೊಕ್ಕ ಬಂದಿದೆ. ಆದರೆ ಅವಳ ದುಡಿಮೆಗೆ ಬೆಲೆ ಬಂದಿಲ್ಲ. ಮನೆಕೆಲಸಕ್ಕೆ ಕೂಲಿ ಕಟ್ಟುವ ರೂಢಿ ನಮ್ಮಲ್ಲಿ ಇಲ್ಲದ್ದರಿಂದ ಅದನ್ನು ನಗುವವರೂ ಕೇಳುವುದಿಲ್ಲ, ಅವಳೂ ಕೇಳಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ದುಡಿದು ಬೇಸತ್ತು ನಿಲ್ಲಿಸಿದ ಮೇಲೆ ‘ನನಗೆ ವ್ಯಾಪಾರ ಬರೋದಿಲ್ಲ’ ಎಂದು ತೀರ್ಮಾನಿಸುತ್ತಾಳೆ. ತಪ್ಪಿದ್ದು 80 ಎಂಬ ಸಂಖ್ಯೆಯಲ್ಲಿ.

ಹಾಗಾದರೆ ಉಳಿಯುವ ನಿಜವಾದ ಪ್ರಶ್ನೆ ಒಂದೇ: 110 ರೂಪಾಯಿ ಕೊಟ್ಟು ಎರಡನೆಯ ಸಲ ಯಾರು ಒಯ್ಯುತ್ತಾರೆ? ಮೊದಲ ಸಲದ ಮಾರಾಟವನ್ನು ನಂಬುವಂತಿಲ್ಲ. ಅತ್ತಿಗೆ, ಓಣಿಯವರು, ಕಚೇರಿಯ ಗೆಳತಿಯರು ಮುಲಾಜಿಗೆ ಬಿದ್ದು ಒಯ್ಯುತ್ತಾರೆ, ಛಲೋ ಆಗೇತಿ ಎಂದೂ ಹೇಳುತ್ತಾರೆ. ಆ ಹೊಗಳಿಕೆ ಮನೆಯವರ ನಗೆಯಷ್ಟೇ ದಾರಿ ತಪ್ಪಿಸುತ್ತದೆ. ಆದ್ದರಿಂದ ವಹಿಯಲ್ಲಿ ಗುರುತಿನವರನ್ನು, ಗುರುತಿಲ್ಲದವರನ್ನು ಬೇರೆ ಬೇರೆ ಬರೆಯಬೇಕು. ಯಾರು ತಾವಾಗಿಯೇ ಮತ್ತೆ ಕೇಳಿದರು ಎಂಬುದಕ್ಕೆ ಇನ್ನೊಂದು ಸಾಲು. ಯಾರಾದರೂ ಮತ್ತೆ ಕೇಳದಿದ್ದರೆ ಅದಕ್ಕೂ ಕಾರಣ ಇರುತ್ತದೆ, ಹಲವು ಸಲ ಅದು ಪ್ಯಾಕೆಟ್ಟಿನ ಒಳಗೇ ಸಿಗುತ್ತದೆ. ಶೇಂಗಾದ ಎಣ್ಣೆ ಗಾಳಿ, ಬೆಳಕು ತಾಗಿದರೆ ಕಮಟುತ್ತದೆ. ಹಸಿ ಬೆಳ್ಳುಳ್ಳಿ ಹೆಚ್ಚಾದರೆ, ಇಲ್ಲವೇ ಬಿಸಿ ಆರುವ ಮೊದಲೇ ತುಂಬಿದರೆ ತೇವ ಕೂತು ಪುಡಿ ಗಂಟುಕಟ್ಟುತ್ತದೆ. ಪ್ರತಿ ಸಲವೂ ಒಂದು ಪ್ಯಾಕೆಟ್ಟನ್ನು ಕೊಳ್ಳುವವರ ಮನೆಯಲ್ಲಿ ಇರುವ ಹಾಗೆ ಅಡುಗೆಮನೆಯ ಕಟ್ಟೆಯ ಮೇಲೇ ಇಟ್ಟು, ವಾರಕ್ಕೊಮ್ಮೆ ಬಿಚ್ಚಿ ಮೂಸಿ, ರುಚಿ ನೋಡಿ ಬರೆದಿಟ್ಟರೆ ಯಾವ ವಾರದಲ್ಲಿ ಕೆಡುತ್ತದೆ ಎಂಬುದು ಗೊತ್ತಾಗುತ್ತದೆ. ನಾಲ್ಕನೆಯ ವಾರದಲ್ಲಿ ವಾಸನೆ ತಿರುಗಿದರೆ ಚೀಟಿಯ ಮೇಲೆ ಒಂದು ತಿಂಗಳು ಎಂದು ಬರೆಯುವ ಧೈರ್ಯ ಮಾಡಬಾರದು.

ಇಷ್ಟನ್ನು ಸದ್ದಿಲ್ಲದೆ ಮಾಡಬೇಕು ಎನ್ನುವುದಕ್ಕೆ ಸಂಕೋಚದ ಹೊರತಾಗಿ ಇನ್ನೊಂದು ಕಾರಣವೂ ಇದೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನಾನು ಇಂಥವನಾಗಬೇಕು’ ಎಂಬ ಗುರಿಗೆ ಸಂಬಂಧಿಸಿದ ಸಂಕಲ್ಪವನ್ನು ಬೇರೆಯವರು ಕೇಳಿ ಗಮನಿಸಿದಾಗ, ಅಂಥವರು ಅದಕ್ಕಾಗಿ ಪಟ್ಟ ಶ್ರಮ ಕಡಿಮೆಯಾಗಿತ್ತು. ಹೇಳಿಕೊಂಡದ್ದರಿಂದಲೇ ಅರ್ಧ ಆದಂತೆ ಎನಿಸಿಬಿಡುತ್ತದೆ. ಆದರೆ ಮನೆಯೊಳಗೆ ಕದ್ದು ಮಾಡುವುದು ಸರಿಯೇ ಎಂಬ ಆಕ್ಷೇಪ ನ್ಯಾಯವಾದದ್ದು. ಅದೂ ಅಲ್ಲದೆ ಒಣಮೆಣಸಿನಕಾಯಿ ಹುರಿದರೆ ಪಕ್ಕದ ಮನೆಯವರೂ ಕೆಮ್ಮುತ್ತಾರೆ, ಮುಚ್ಚಿಡುವುದಾದರೂ ಹೇಗೆ! ಒಲೆ ಮತ್ತು ರೊಕ್ಕ ಹಂಚಿಕೊಂಡವರಿಗೆ, ಗಂಡನಿಗೋ ಅತ್ತೆಗೋ, ಮೂರು ತಿಂಗಳು, ನಾಲ್ಕು ಭಾನುವಾರ, ಇಷ್ಟೇ ಖರ್ಚು ಎಂದು ಮೊದಲೇ ಹೇಳಲೇಬೇಕು. ಮುಚ್ಚಿಡಬೇಕಾದದ್ದು ಮುಂದಿನ ಕನಸನ್ನು: ಅಂಗಡಿ, ಹೆಸರಿನ ಫಲಕ, ನೌಕರಿ ಬಿಡುವ ಮಾತು. ಕಾನೂನಿಗೆ ಮಾತ್ರ ಈ ಮೌನ ಸಲ್ಲದು. ಮನೆಯ ಅಡುಗೆಕೋಣೆಯಲ್ಲಿ ಮಾಡಿ ಮಾರುವುದಕ್ಕೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಸರ್ಕಾರಿ ನೌಕರರು ನಡತೆ ನಿಯಮಗಳ ಪ್ರಕಾರ ಅನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಖಾಸಗಿಯವರು ತಮ್ಮ ನೇಮಕಾತಿ ಪತ್ರವನ್ನು ಒಮ್ಮೆ ಓದಿ ನೋಡಬೇಕು.

ನೌಕರಿಯನ್ನೂ ಬಿಡದೆ ಇದನ್ನೂ ಮಾಡುವುದು ಅರೆಮನಸ್ಸಿನ ಲಕ್ಷಣ, ಇಳಿದರೆ ಪೂರ್ತಿ ಇಳಿಯಬೇಕು ಎನ್ನುವವರಿದ್ದಾರೆ. ಅಮೆರಿಕದಲ್ಲಿ ಬಹುಕಾಲ ಒಂದೇ ಗುಂಪಿನವರನ್ನು ಹಿಂಬಾಲಿಸಿದ ಸಮೀಕ್ಷೆಯೊಂದರ ಮಾಹಿತಿಯನ್ನು ಇಟ್ಟುಕೊಂಡು ಜೋಸೆಫ್ ರಾಫಿ ಮತ್ತು ಜಿಯೆ ಫೆಂಗ್ 2014ರಲ್ಲಿ ತೋರಿಸಿದ್ದು ಬೇರೆಯದೇ: ನೌಕರಿಯ ಜೊತೆಗೆ ಶುರುಮಾಡಿ ಆಮೇಲೆ ಪೂರ್ತಿ ವ್ಯಾಪಾರಕ್ಕೆ ಇಳಿದವರು ವ್ಯಾಪಾರ ಬಿಟ್ಟುಹೋಗುವ ಸಂಭವ, ಒಮ್ಮೆಲೇ ಇಳಿದವರಿಗಿಂತ ಮೂರನೇ ಒಂದು ಪಾಲಿನಷ್ಟು ಕಡಿಮೆ. ಅದನ್ನು ನಮ್ಮ ಓಣಿಗೆ ಹಾಗೇ ಅನ್ವಯಿಸುವಂತಿಲ್ಲ, ಸರಿ. ಆದರೂ ಅರೆಮನಸ್ಸು ಎಂಬ ಬೈಗುಳಕ್ಕೆ ಅಷ್ಟು ಆಧಾರವಿಲ್ಲ ಎನ್ನುವುದಕ್ಕೆ ಸಾಕು. ನೌಕರಿ ಉಳಿಸಿಕೊಂಡವರಿಗೆ ಎಲ್ಲಿ ನಿಲ್ಲಿಸಬೇಕೆಂದು ಕಲಿಯುವುದಕ್ಕೆ ಕಾಲಾವಕಾಶ ಸಿಗುತ್ತದೆ.

ನಿಲ್ಲಿಸುವ ಗೆರೆಯನ್ನು ಮೊದಲ ಭಾನುವಾರಕ್ಕಿಂತ ಮುಂಚೆಯೇ ಬರೆದಿಡಬೇಕು. ಇಲ್ಲದಿದ್ದರೆ ಮೂಡು ಕೆಟ್ಟ ದಿನ ಅನುಮಾನವೇ ಆ ಗೆರೆ ಎಳೆಯುತ್ತದೆ, ನಗೆ ಜೋರಾದ ದಿನ ಹಟ ಅದನ್ನು ಅಳಿಸುತ್ತದೆ. ಅಳತೆ ಸಣ್ಣದಿರಲಿ: ನಾಲ್ಕು ಸಲ, ನಲವತ್ತು ಪ್ಯಾಕೆಟ್ಟು, ಸಾಮಾನಿಗೆ 2,160 ರೂಪಾಯಿ. ಗುರುತಿಲ್ಲದ ಹತ್ತು ಮಂದಿ ಒಯ್ದು, ಅವರಲ್ಲಿ ಮೂವರಾದರೂ 110 ಕೊಟ್ಟು ತಾವಾಗಿ ಮತ್ತೆ ಕೇಳಿದರೆ ಐದನೆಯ ಸಲ, ಇಲ್ಲದಿದ್ದರೆ ನಿಲುಗಡೆ. ಹತ್ತು ಮಂದಿಯಿಂದ ಪೇಟೆಯ ಭವಿಷ್ಯ ತಿಳಿಯುವುದಿಲ್ಲ ಎಂದರೆ ಒಪ್ಪುತ್ತೇನೆ, ಇಲ್ಲಿ ತಿಳಿಯಬೇಕಾದದ್ದು ಐದನೆಯ ಸಲ ಶೇಂಗಾ ತರಬೇಕೋ ಬೇಡವೋ ಎಂಬುದಷ್ಟೆ. ಓದಿಸಿದ್ದರ ಲೆಕ್ಕ ಕೇಳುವವರು ಆಗಲೂ ಕೇಳುತ್ತಾರೆ. ಪುಡಿ ಚೆನ್ನಾಗಿ ಖರ್ಚಾದರೂ ಅವರ ತಕರಾರು ತಪ್ಪದು, ಅವರ ಹತ್ತಿರ ರೊಕ್ಕ ಕೇಳದಿರುವುದೊಂದೇ ಉಪಾಯ. ಬೆಲೆ ಕೇಳಿದ್ದವರಿಗೆ ಮಾತ್ರ ಎರಡೂ ಸಂದರ್ಭದಲ್ಲಿ ಉತ್ತರ ಕೊಡಬಹುದು. ನಿಲ್ಲಿಸಿದ್ದಾದರೆ ಹೀಗೆ: ‘ನಾಕ್ ಸಲ ಮಾಡಿ ನೋಡಿದೆ. ನೂರಾಹತ್ತಕ್ಕ ಮತ್ತ ಒಬ್ರೇ ಕೇಳಿದ್ರು. ಎಂಬತ್ತಕ್ಕ ಮಾರಿದ್ರ ನನಗ ಕೂಲಿ ಗಿಟ್ಟಂಗಿಲ್ಲ.’